ಕ್ಲೇಮ್ ಕಡತಗಳ ಟಿಪ್ಪಣಿ ಮತ್ತು ಡೈರಿ ನಮೂದು: ಪಾಲಿಸಬೇಕಾದ ಕ್ರಮ

ಇವರಿಂದ: ವ್ಯವಸ್ಥಾಪಕರು, ಕ್ಲೇಮ್ ವಿಭಾಗ, ರಾಯಚೂರು
ಇವರಿಗೆ: ರಾಯಚೂರು, ಸಿಂಧನೂರು ಮತ್ತು ಗಂಗಾವತಿ ಕಚೇರಿಗಳ ಎಲ್ಲ ಕ್ಲೇಮ್ ಅಧಿಕಾರಿಗಳು
ದಿನಾಂಕ: 02-06-2025

ಕಳೆದ ತ್ರೈಮಾಸಿಕದಲ್ಲಿ ಮುಕ್ತಾಯಗೊಂಡ ಕಡತಗಳನ್ನು ಪರಿಶೀಲಿಸಿದಾಗ, ತೀರ್ಮಾನಗಳು ಬಹುತೇಕ ಸರಿಯಾಗಿದ್ದರೂ ಆ ತೀರ್ಮಾನಕ್ಕೆ ಬಂದ ದಾರಿ ಹಲವು ಕಡತಗಳಲ್ಲಿ ಕಾಣುತ್ತಿಲ್ಲ. ಕಡತ ಬರೆದ ಅಧಿಕಾರಿ ವರ್ಗವಾಗಿ ಹೋದ ಮೇಲೆ, ಅವರಿಗೆ ಫೋನ್ ಮಾಡದೆಯೇ ಹೊಸಬರು ಅದನ್ನು ಓದಿ ಮುಂದುವರಿಸುವಂತಿರಬೇಕು. ಗ್ರಾಹಕರ ರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರು ದಾಖಲಿಸಲು ಎರಡು ವರ್ಷಗಳ ಅವಧಿ ಇರುವುದರಿಂದ, ಇಂದು ಅವಸರದಲ್ಲಿ ಗೀಚಿದ ಸಾಲನ್ನು ಜಿಲ್ಲಾ ಆಯೋಗದ ಮುಂದೆ ನಮ್ಮ ವಕೀಲರು ವಿವರಿಸಬೇಕಾಗಿ ಬರುವುದು ಬಹಳ ದಿನಗಳ ನಂತರ.

ಸ್ಥಳ ಪರಿಶೀಲನೆಯ ಟಿಪ್ಪಣಿಯಲ್ಲಿ ಕಂಡದ್ದು, ಕೇಳಿದ್ದು ಮತ್ತು ನೀವು ಊಹಿಸಿದ್ದು ಬೇರೆ ಬೇರೆ ಪ್ಯಾರಾಗಳಲ್ಲಿರಬೇಕು. ಇದೇ ಈ ಟಿಪ್ಪಣಿಯ ಮುಖ್ಯ ಸೂಚನೆ. ಜಿನ್ನಿಂಗ್ ಮಿಲ್ಲೊಂದರ ಬೆಂಕಿ ಪ್ರಕರಣದಲ್ಲಿ ಹೀಗೆ ಬರೆಯಲಾಗಿದೆ: “ಗೋದಾಮು ಪರಿಶೀಲಿಸಲಾಯಿತು. ಸ್ಟಾಕ್ ಹೆಚ್ಚು ತೋರಿಸಿದಂತಿದೆ. ಪ್ರಕರಣ ಅನುಮಾನಾಸ್ಪದ.” ಯಾರು ನೋಡಿದರು, ಯಾವಾಗ ನೋಡಿದರು, ಯಾವುದಕ್ಕಿಂತ ಹೆಚ್ಚು ಎಂಬ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿಲ್ಲ. ಅದೇ ಸಂಗತಿಯನ್ನು ಹೀಗೆ ಬರೆಯಬಹುದಿತ್ತು: “ಮಧ್ಯಾಹ್ನ 3.10ಕ್ಕೆ ಸರ್ವೇಯರ್ ಜೊತೆ ಎರಡನೇ ಗೋದಾಮು ನೋಡಿದೆ. ಉತ್ತರದ ಗೋಡೆಯ ಪಕ್ಕ ಸುಟ್ಟ 42 ಬೇಲ್‌ಗಳನ್ನು ಎಣಿಸಿದೆವು. ಎರಡರೊಳಗಿಂದ ಇನ್ನೂ ಹೊಗೆ ಬರುತ್ತಿತ್ತು. ಸ್ಟಾಕ್ ರಿಜಿಸ್ಟರ್‌ನಲ್ಲಿ ಹಿಂದಿನ ಸಂಜೆಯ ಬಾಕಿ 110 ಬೇಲ್ ಎಂದಿದೆ. ವ್ಯತ್ಯಾಸದ ಬಗ್ಗೆ ಕೇಳಿದಾಗ ಗುಮಾಸ್ತರು, ‘ಮುಂಜಾನೆ ಲಾರಿ ಲೋಡ್ ಆಗಿ ಹೋಗೇತ್ರಿ’ ಎಂದರು. ಲೋಡಿಂಗ್ ಚೀಟಿ ಮತ್ತು ಇ-ವೇ ಬಿಲ್ ಕೇಳಿದ್ದೇನೆ.” ಅನುಮಾನ ಎಂಬ ಪದವನ್ನೇ ಬಳಸದೆ ಅನುಮಾನದ ಆಧಾರವೆಲ್ಲ ಇಲ್ಲಿದೆ, ಲೋಡಿಂಗ್ ಚೀಟಿ ಸಿಕ್ಕರೆ ಅನುಮಾನ ತಾನಾಗಿಯೇ ನಿವಾರಣೆಯಾಗುತ್ತದೆ.

ಸಮಯವನ್ನು ಬರೆಯುವುದು ಔಪಚಾರಿಕತೆಯಲ್ಲ. ಒತ್ತಿ ಕಟ್ಟಿದ ಹತ್ತಿ ಬೇಲ್ ಹೊರಗೆ ಆರಿದಂತೆ ಕಂಡರೂ ಒಳಗೆ ದಿನಗಟ್ಟಲೆ ಕನಲುತ್ತಿರುತ್ತದೆ. ನೆನೆದ ಭತ್ತ ಬಿಸಿಯೇರಿ ಮೊಳಕೆಯೊಡೆಯುತ್ತದೆ. ಉಳಿಕೆ ಸರಕಿನ ಬೆಲೆ ಸೋಮವಾರ ಇದ್ದಂತೆ ಗುರುವಾರ ಇರುವುದಿಲ್ಲ. ಆದ್ದರಿಂದ ತೇವಾಂಶದ ಅಳತೆಯ ಪಕ್ಕದಲ್ಲಿ ತೆಗೆದುಕೊಂಡ ದಿನ, ವೇಳೆ ಮತ್ತು ಯಾವ ಚೀಲದಿಂದ ತೆಗೆದದ್ದು ಎಂಬುದು ಇರಲೇಬೇಕು.

ಹೇಳಿಕೆಗಳನ್ನು ಹೇಳಿದವರ ಮಾತಿನಲ್ಲೇ ಬರೆದುಕೊಳ್ಳಿ. ನಮ್ಮ ಭಾಗದಲ್ಲಿ ಪಾಲಿಸಿದಾರರು ತೆಲುಗು ಅಥವಾ ಉರ್ದುವಿನಲ್ಲಿ ಮಾತನಾಡುವುದು ಸಾಮಾನ್ಯವಾದ್ದರಿಂದ, ಯಾವ ಭಾಷೆಯಲ್ಲಿ ಹೇಳಿದರು, ಕನ್ನಡಕ್ಕೆ ಯಾರು ತಿಳಿಸಿದರು ಎಂಬುದನ್ನೂ ನಮೂದಿಸಿ. ಫೋನ್ ಮಾತುಕತೆಯನ್ನು ಅದೇ ದಿನ ಬರೆಯಿರಿ. ವ್ಯಕ್ತಿಯ ಜಾತಿ, ಸಾಲದ ಬಗ್ಗೆ ಊರಿನ ಮಾತು, ರಾಜಕೀಯ ನಂಟು ಇವು ಕ್ಲೇಮ್‌ಗೆ ಸಂಬಂಧಿಸದಿದ್ದರೆ ಕಡತಕ್ಕೆ ಬರಬಾರದು. ಆಧಾರ್ ಸಂಖ್ಯೆಯನ್ನು ಟಿಪ್ಪಣಿಯೊಳಗೆ ಬರೆಯುವ ಅಭ್ಯಾಸವನ್ನು ಕೂಡಲೇ ನಿಲ್ಲಿಸಬೇಕು.

ಸರ್ವೇಯರ್ ವರದಿ ಮುಖ್ಯ ಸಾಕ್ಷ್ಯವೇ ಹೊರತು ಕೊನೆಯ ಮಾತಲ್ಲ. ಅದರ ಮೊತ್ತಕ್ಕಿಂತ ಭಿನ್ನವಾಗಿ ಶಿಫಾರಸು ಮಾಡುವುದಾದರೆ ಯಾವ ಅಂಶಕ್ಕೆ ಒಪ್ಪಿಗೆಯಿಲ್ಲ, ಏಕೆ ಎಂಬುದನ್ನು ಅಂಶವಾರು ಬರೆಯಬೇಕು. ಮೀಸಲು ಮೊತ್ತವನ್ನು ಬದಲಿಸಿದಾಗಲೂ ಹಳೆಯ ಅಂಕಿ, ಹೊಸ ಅಂಕಿ ಮತ್ತು ಕಾರಣ ಮೂರೂ ಇರಬೇಕು. ನಿರಾಕರಣೆ ಪತ್ರದಲ್ಲಿ ಹೇಳದ ಕಾರಣವನ್ನು ಮುಂದೆ ನ್ಯಾಯಾಲಯದಲ್ಲಿ ಹೊಸದಾಗಿ ಎತ್ತಲು ನಮಗೆ ಅವಕಾಶ ಸಿಗುವುದಿಲ್ಲವಾದ್ದರಿಂದ, ಪತ್ರದ ಕರಡು ನನ್ನ ಮೇಜಿಗೆ ಬರುವ ಮೊದಲೇ ಪ್ರತಿ ಕಾರಣಕ್ಕೂ ಪಾಲಿಸಿಯ ಷರತ್ತು ಮತ್ತು ಕಡತದ ಪುಟ ಸಂಖ್ಯೆ ಟಿಪ್ಪಣಿಯಲ್ಲಿರಲಿ.

ಡೈರಿಯ ವಿಷಯ ಚಿಕ್ಕದು. ಪ್ರತಿ ನಮೂದಿನಲ್ಲಿ ಮುಂದಿನ ಕೆಲಸ, ಅದನ್ನು ಮಾಡಬೇಕಾದವರು ಮತ್ತು ದಿನಾಂಕ ಇರಬೇಕು. “ದಾಖಲೆಗಳಿಗಾಗಿ ಕಾಯಲಾಗುತ್ತಿದೆ” ಎಂಬ ಸಾಲು ಒಂದೇ ಕಡತದಲ್ಲಿ ತಿಂಗಳುಗಟ್ಟಲೆ ನಕಲಾಗುತ್ತಾ ಹೋಗಿರುವುದನ್ನು ನೋಡಿದ್ದೇನೆ. ಯಾವ ದಾಖಲೆ, ಯಾರಿಂದ, ಕೊನೆಯ ಬಾರಿ ಯಾವಾಗ ಕೇಳಿದಿರಿ ಎಂದಿಲ್ಲದ ಅಂತಹ ಸಾಲನ್ನು ಇನ್ನು ಮುಂದೆ ನಮೂದೆಂದು ಪರಿಗಣಿಸುವುದಿಲ್ಲ. ದಿನಾಂಕ ಮುಂದೂಡುವುದು ತಪ್ಪಲ್ಲ, ಕಾರಣವಿಲ್ಲದೆ ಮುಂದೂಡುವುದು ತಪ್ಪು.

ಒಮ್ಮೆ ಬರೆದದ್ದನ್ನು ಅಳಿಸುವುದು, ತಿದ್ದುವುದು ಅಥವಾ ಹಿಂದಿನ ದಿನಾಂಕ ಹಾಕಿ ಸೇರಿಸುವುದು ಯಾವ ಕಾರಣಕ್ಕೂ ಕೂಡದು. ತಪ್ಪು ಕಂಡರೆ ಆ ದಿನದ ದಿನಾಂಕದಲ್ಲೇ ಹೊಸ ನಮೂದು ಮಾಡಿ, ಹಿಂದಿನ ಯಾವ ನಮೂದಿನ ತಿದ್ದುಪಡಿ ಎಂದು ಸೂಚಿಸಬೇಕು. ತಡವಾಗಿ ಬರೆದದ್ದನ್ನು ತಡವಾಗಿ ಬರೆದದ್ದೆಂದೇ ತೋರಿಸಿ.

ಈ ಕ್ರಮ ಜೂನ್ 16ರಿಂದ ಹೊಸ ಕಡತಗಳಿಗೂ ಚಾಲ್ತಿಯಲ್ಲಿರುವ ಕಡತಗಳ ಮುಂದಿನ ನಮೂದುಗಳಿಗೂ ಅನ್ವಯಿಸುತ್ತದೆ. ಹಳೆಯ ನಮೂದುಗಳನ್ನು ಇದಕ್ಕೆ ಹೊಂದಿಸಲು ಮುಟ್ಟಬಾರದು. ಪ್ರತಿ ಅಧಿಕಾರಿಯ ಎರಡು ಕಡತಗಳನ್ನು ತಿಂಗಳ ಕೊನೆಯ ಶುಕ್ರವಾರ ನಾನು ಓದಿ, ಅವರೊಡನೆ ಕುಳಿತು ಚರ್ಚಿಸುತ್ತೇನೆ. ಸಿಂಧನೂರು ಮತ್ತು ಗಂಗಾವತಿಯವರು ಕಡತಗಳನ್ನು ಗುರುವಾರ ಸಂಜೆಯೊಳಗೆ ಕಳುಹಿಸಬೇಕು.