ವಿಷಯ: ಭುಜದ ಆಪರೇಷನ್ ನಂತರ ಕ್ರಿಯಾಟಿನ್

ನಮಸ್ಕಾರ ರಮೇಶ್ ಅವರೇ,

ಆಪರೇಷನ್ ಆದ ಮೇಲೆ ಕ್ರಿಯಾಟಿನ್ ಪುಡಿ ತಗೊಳ್ಳಬಹುದೇ ಎಂದು ಕೇಳಿದ್ದಿರಿ. ತಗೊಳ್ಳಬಹುದು, ಆದರೆ ಈಗಲೇ ಅವಸರವಿಲ್ಲ. ಹೊಲಿಗೆ ಹಾಕಿದ ಸ್ನಾಯುರಜ್ಜು ಅದರಿಂದ ಬೇಗ ಕೂಡುತ್ತದೆ ಎನ್ನಲು ಆಧಾರವಿಲ್ಲ. ಪ್ರಯೋಜನ ಕಾಣುವುದು ಸ್ನಾಯುವಿಗೆ ಭಾರ ಕೊಟ್ಟಾಗ. ನಿಮಗಿನ್ನೂ ಐದನೇ ವಾರ, ತೋಳು ಸ್ಲಿಂಗ್‌ನಲ್ಲೇ ಇದೆ. ರಬ್ಬರ್ ಬ್ಯಾಂಡ್ ಹಿಡಿಯುವುದು ಸುಮಾರು 12ನೇ ವಾರಕ್ಕೆ. ಆಗ ಶುರುಮಾಡಿ.

ಸಾದಾ ಕ್ರಿಯಾಟಿನ್ ಮೊನೊಹೈಡ್ರೇಟ್ ಸಾಕು, ದಿನಕ್ಕೆ 3ರಿಂದ 5 ಗ್ರಾಂ, ನೀರಲ್ಲಿ ಕದಡಿ ಊಟದ ಜೊತೆ. ಜಿಮ್‌ನವರು ಹೇಳುವಂತೆ ಶುರುವಿನಲ್ಲಿ ದಿನಕ್ಕೆ 20 ಗ್ರಾಂ ಲೋಡಿಂಗ್ ಬೇಡ, ಹೊಟ್ಟೆ ಕೆಡಬಹುದು. ತೂಕ ಒಂದು ಕಿಲೋ ಏರಿದರೆ ಅದು ಹೆಚ್ಚಾಗಿ ನೀರೇ. ರಕ್ತಪರೀಕ್ಷೆಯಲ್ಲಿ ಕಿಡ್ನಿ ನೋಡಲು ಅಳೆಯುವ ಕ್ರಿಯಾಟಿನಿನ್ ತುಸು ಮೇಲೆ ಕಾಣಬಹುದು, ಪುಡಿಯ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ನಿಮಗೆ ಬಿಪಿ ಇದೆ, ನೋವಿನ ಮಾತ್ರೆಯೂ ನಡೆದಿದೆ. ಕಿಡ್ನಿ ಪರೀಕ್ಷೆ ಮಾಡಿಸಿ, ಸರ್ಜನ್ ಒಪ್ಪಿದ ಮೇಲೆಯೇ ಡಬ್ಬಿ ತೆರೆಯಿರಿ.

ಬುಧವಾರ ಬರುವಾಗ ಅದನ್ನೂ ತನ್ನಿ, ಲೇಬಲ್ ನೋಡೋಣ.

ಸುಮಾ
ಫಿಸಿಯೋಥೆರಪಿಸ್ಟ್