ವಿಷಯ: ಪಿಎಚ್‌ಡಿ ಅರ್ಜಿಗೆ ತಮ್ಮ ಶಿಫಾರಸು ಪತ್ರ ಕೋರಿ – ಸಹನಾ, ಎಂ.ಎ. 2020–22 (ಅರಸೀಕೆರೆ ಕೆರೆ ಶಾಸನಗಳು)

12 ಅಕ್ಟೋಬರ್ 2025
ಬೆಂಗಳೂರು

ಪೂಜ್ಯ ಗುರುಗಳಿಗೆ,

ಸಾದರ ನಮಸ್ಕಾರಗಳು. ತಾವು ಮತ್ತು ಮನೆಯವರೆಲ್ಲ ಕ್ಷೇಮವೆಂದು ಭಾವಿಸಿದ್ದೇನೆ.

ನಾನು ಸಹನಾ, ಮಾನಸಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸ ಎಂ.ಎ. 2020–22ರ ತಂಡದವಳು. ಎರಡನೇ ಸೆಮಿಸ್ಟರಿನಲ್ಲಿ ತಾವು ಶಾಸನಶಾಸ್ತ್ರ ಪಾಠ ಮಾಡಿದಿರಿ. ನಾಲ್ಕನೆಯದರಲ್ಲಿ ‘ಅರಸೀಕೆರೆ ತಾಲ್ಲೂಕಿನ ಕೆರೆ ಶಾಸನಗಳು’ ಎಂಬ ನನ್ನ ಕಿರುಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದಿರಿ. ಈಗ ಬೆಂಗಳೂರಿನಲ್ಲಿ ಶಾಸನಗಳ ಡಿಜಿಟಲೀಕರಣ ಯೋಜನೆಯೊಂದರಲ್ಲಿ ಸಹಾಯಕಿಯಾಗಿದ್ದೇನೆ.

ಮುಂದಿನ ವರ್ಷದ ಪಿಎಚ್‌ಡಿ ಪ್ರವೇಶಕ್ಕೆ ಶಿಕಾಗೊ, ಪೆನ್ಸಿಲ್ವೇನಿಯಾ ಮತ್ತು ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ. ನನ್ನ ಪರವಾಗಿ ತಾವೊಂದು ಶಿಫಾರಸು ಪತ್ರ ಬರೆದುಕೊಡಲು ಸಾಧ್ಯವೇ ಎಂದು ಕೇಳಿಕೊಳ್ಳಲು ಈ ಮೇಲ್. ನವೆಂಬರ್ 24, ಸೋಮವಾರದೊಳಗೆ ಪತ್ರ ಸೇರಿದರೆ ಮೂರಕ್ಕೂ ಅನುಕೂಲ. ಕೊನೆಯ ದಿನಾಂಕಗಳು ಅದಕ್ಕಿಂತ ಮುಂದಿವೆ. ಆದರೆ ಆ ವಾರ 27 ಮತ್ತು 28ರಂದು ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಲಿಂಕ್ ಕೈಕೊಟ್ಟರೆ ಕೇಳೋಣವೆಂದರೆ ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ. ಅದಕ್ಕಾಗಿ ಈ ಮುಂಜಾಗ್ರತೆ.

ತಮಗೆ ಬಿಡುವಿಲ್ಲದಿದ್ದರೆ, ಅಥವಾ ನನ್ನ ಕೆಲಸದ ಬಗ್ಗೆ ಗಟ್ಟಿಯಾಗಿ ಬರೆಯುವಷ್ಟು ನೆನಪು ಉಳಿದಿಲ್ಲವೆನಿಸಿದರೆ, ಸಂಕೋಚವಿಲ್ಲದೆ ತಿಳಿಸಿಬಿಡಿ ಸರ್. ನಾನು ಎಳ್ಳಷ್ಟೂ ಬೇಸರಪಡುವುದಿಲ್ಲ. ಈ ತಿಂಗಳ 20ರೊಳಗೆ ಒಂದು ಸಾಲಿನ ಉತ್ತರ ಬಂದರೆ ಮುಂದಿನ ಏರ್ಪಾಡು ಮಾಡಿಕೊಳ್ಳಬಲ್ಲೆ.

ಪಿಎಚ್‌ಡಿಗೆ ಹಾಕಿಕೊಂಡಿರುವ ವಿಷಯ ಆ ಕಿರುಪ್ರಬಂಧದಿಂದಲೇ ಬೆಳೆದದ್ದು. ಹೊಯ್ಸಳರ ಕಾಲದಲ್ಲಿ ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಎದ್ದು ಕಾಣುತ್ತದೆ. ಕಟ್ಟಿದ ಮೇಲೆ ಹೂಳೆತ್ತಿದವರು, ಏರಿ ರಿಪೇರಿ ಮಾಡಿದವರು ಯಾರು, ಅವರಿಗೆ ಕೊಟ್ಟದ್ದೇನು ಎಂಬುದು ಬಿತ್ತುವಟ, ಕಟ್ಟುಗೊಡಗೆ ಮುಂತಾದ ದತ್ತಿಗಳ ವಿವರದಲ್ಲಿ ಅಡಗಿರುತ್ತದೆ. ನಾನು ಹುಡುಕಹೊರಟಿರುವುದು ಈ ಎರಡನೆಯವರನ್ನು.

ಮೂರು ವಿಶ್ವವಿದ್ಯಾಲಯಗಳಿಗೂ ಮೂರು ಮೂರು ಪತ್ರ ಕೊಡುತ್ತಿದ್ದೇನೆ. ಯೋಜನೆಯ ಮುಖ್ಯಸ್ಥರು ನನ್ನ ಈಗಿನ ಕೆಲಸದ ಬಗ್ಗೆ, ಬಿ.ಎ.ಯಲ್ಲಿ ಕಲಿಸಿದ ಮೇಡಂ ಒಬ್ಬರು ಇಂಗ್ಲಿಷ್ ಬರವಣಿಗೆಯ ಬಗ್ಗೆ ಬರೆಯಲು ಒಪ್ಪಿದ್ದಾರೆ. ಹಳಗನ್ನಡ ಲಿಪಿ ಓದುವುದು, ಪಡಿಯಚ್ಚು ತೆಗೆಯುವುದು, ಓದಿದ್ದನ್ನು ಸಾಕ್ಷ್ಯವಾಗಿ ತೂಗಿ ನೋಡುವುದು, ಈ ಮೂರನ್ನು ಹತ್ತಿರದಿಂದ ಕಂಡವರು ತಾವೊಬ್ಬರೇ. ಬೇರೆ ಯಾರಿಂದಲೂ ಈ ಮಾತು ಬರುವಂತಿಲ್ಲ.

ತಮ್ಮ ನೆನಪಿಗೆ ನೆರವಾಗಲೆಂದು ಕೆಲವು ವಿವರ ಬರೆಯುತ್ತೇನೆ. ಶಾಸನಶಾಸ್ತ್ರ ಪತ್ರಿಕೆಯಲ್ಲಿ ನನಗೆ ಬಂದದ್ದು 81 ಅಂಕ, ಕಿರುಪ್ರಬಂಧಕ್ಕೆ 86. ಅದರಲ್ಲಿ 31 ಶಾಸನಗಳಿದ್ದವು. 27 ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹಾಸನ ಸಂಪುಟದವು, ಉಳಿದ 4 ನಾನು ಸ್ಥಳದಲ್ಲೇ ಪಡಿಯಚ್ಚು ತೆಗೆದವು. ಆ ನಾಲ್ಕರಲ್ಲಿ ಕೆರೆ ಏರಿಯ ಮೇಲಿನ ಬಿರುಕು ಬಿಟ್ಟ ಕಲ್ಲು ತಮಗೆ ನೆನಪಿರಬಹುದು. ಶಕವರ್ಷ 1095 ಎಂಬುದು ಸ್ಪಷ್ಟವಾಗಿತ್ತು, ಸಂವತ್ಸರದ ಜಾಗದಲ್ಲಿ ಬಿರುಕಿನ ಪಕ್ಕ ‘ಜಯ’ ಎಂದಷ್ಟೇ ಕಾಣುತ್ತಿತ್ತು. 1095 ಗತವರ್ಷವಾದರೆ ವಿಜಯ, ವರ್ತಮಾನವಾದರೆ ನಂದನ. ಹೇಗೆ ಲೆಕ್ಕ ಹಾಕಿದರೂ ಜಯ ಬರುವುದಿಲ್ಲ. ಕಲ್ಲಿನ ಮೇಲೆ ಬೆಳಗಿನ ಓರೆ ಬಿಸಿಲು ಬೀಳುವ ಹೊತ್ತಿಗೆ ಮತ್ತೆ ಅಚ್ಚು ತೆಗೆದಾಗ ಬಿರುಕಿನ ಮೇಲಂಚಿನಲ್ಲಿ ಗುಡಿಸಿನ ಸುರುಳಿ ಅರ್ಧ ಮೂಡಿತ್ತು. ತಾವು ಎರಡೂ ಅಚ್ಚುಗಳನ್ನು ಕಿಟಕಿ ಗಾಜಿಗೆ ಹಿಡಿದು ನೋಡಿ, ‘[ವಿ]ಜಯ’ ಎಂದು ಚೌಕ ಕಂಸದಲ್ಲೇ ಹಾಕು, ಕಾಣದ್ದನ್ನು ಕಂಡೆ ಅನ್ನಬೇಡ ಎಂದಿರಿ. ತಮಗೆ ಯುಕ್ತವೆನಿಸಿದರೆ ಪತ್ರದಲ್ಲಿ ಈ ಪ್ರಸಂಗ ಬಂದರೆ ಚೆನ್ನ. ‘ಶ್ರಮಜೀವಿ, ಪ್ರತಿಭಾವಂತೆ’ ಎಂಬ ಮಾತು ಎಲ್ಲರ ಪತ್ರದಲ್ಲೂ ಇರುತ್ತದಲ್ಲ ಸರ್, ಅಲ್ಲಿನ ಸಮಿತಿಯವರು ಹುಡುಕುವುದು ಇಂಥದ್ದನ್ನು.

ಕೊರತೆಯನ್ನೂ ಕೇಳುತ್ತಾರೆ. ನನ್ನ ಸಂಸ್ಕೃತ ಹಿಂದಿದ್ದದ್ದು ತಮಗೆ ಗೊತ್ತೇ ಇದೆ, ಅದನ್ನು ಇದ್ದ ಹಾಗೆಯೇ ಬರೆಯಬಹುದು. ಕಳೆದ ವರ್ಷ ಸಂಜೆ ತರಗತಿಗೆ ಸೇರಿ ಸರ್ಟಿಫಿಕೇಟ್ ಕೋರ್ಸ್ ಮುಗಿಸಿದ್ದೇನೆ. ಶಾಸನಗಳ ಪ್ರಶಸ್ತಿ ಭಾಗವನ್ನು ನಿಘಂಟು ಇಟ್ಟುಕೊಂಡು ಓದಬಲ್ಲೆ, ಕಾವ್ಯ ಇನ್ನೂ ಕಷ್ಟ.

ಇನ್ನು ಪತ್ರ ಕಳಿಸುವ ಕ್ರಮ. ತಾವು ಒಪ್ಪಿದ ಮೇಲಷ್ಟೇ ತಮ್ಮ ಮೇಲ್ ವಿಳಾಸವನ್ನು ಅರ್ಜಿಯಲ್ಲಿ ತುಂಬುತ್ತೇನೆ. ಆಗ ಒಂದೊಂದು ವಿಶ್ವವಿದ್ಯಾಲಯದಿಂದಲೂ ಬೇರೆ ಬೇರೆ ಲಿಂಕ್ ತಮಗೆ ನೇರವಾಗಿ ಬರುತ್ತದೆ. ಕಳಿಸಿದವರ ಹೆಸರು ನನ್ನದಾಗಿರುವುದಿಲ್ಲವಾದ್ದರಿಂದ ಅದು ಸ್ಪ್ಯಾಮ್‌ಗೆ ಹೋಗಿ ಕೂರುವುದುಂಟು. ಹಾಗಾಗಿ ತುಂಬಿದ ದಿನವೇ ತಮಗೆ ಮೆಸೇಜ್ ಮಾಡುತ್ತೇನೆ. ನಿವೃತ್ತಿಯ ನಂತರ ವಿಶ್ವವಿದ್ಯಾಲಯದ ಮೇಲ್ ಚಾಲ್ತಿಯಲ್ಲಿದ್ದರೆ ಅದೇ ಒಳ್ಳೆಯದು, ಇಲ್ಲವಾದರೆ ತಮ್ಮ ಸ್ವಂತ ಮೇಲ್ ಆಗಬಹುದು. ಆಗ ಲೆಟರ್‌ಹೆಡ್‌ನಲ್ಲಿ ‘ನಿವೃತ್ತ ಪ್ರಾಧ್ಯಾಪಕರು’ ಎಂಬುದೂ ವಿಭಾಗದ ಹೆಸರೂ ಇರಲಿ.

ಪತ್ರ ಇಂಗ್ಲಿಷಿನಲ್ಲಿ, ಒಂದರಿಂದ ಒಂದೂವರೆ ಪುಟ, ಸಹಿ ಮಾಡಿದ ಪಿಡಿಎಫ್. ಮೂರಕ್ಕೂ ಒಂದೇ ಪತ್ರ ಸಾಕು. ಒಳಗೆ ಯಾವ ವಿಶ್ವವಿದ್ಯಾಲಯದ ಹೆಸರೂ ಬರದಿದ್ದರೆ ಒಂದಕ್ಕೆ ಹೋಗಬೇಕಾದದ್ದು ಇನ್ನೊಂದಕ್ಕೆ ಹೋಗುವ ಭಯವಿರುವುದಿಲ್ಲ. ಲಿಂಕ್ ತೆರೆದಾಗ ಪತ್ರದ ಜೊತೆ, ತಾವು ಕಲಿಸಿದ ವಿದ್ಯಾರ್ಥಿಗಳಲ್ಲಿ ಇವಳು ಎಷ್ಟನೆಯ ಸಾಲಿನವಳು ಎಂದು ಗುರುತು ಹಾಕುವ ಪಟ್ಟಿಯೂ ಬರಬಹುದು. ತಾವು ಕಂಡಿರದ ಗುಣಗಳಿಗೆ ‘ಹೇಳಲಾಗದು’ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಬಹುದು. ಎಲ್ಲದಕ್ಕೂ ಅತ್ಯುತ್ತಮ ಎಂದು ಹಾಕಿದರೆ ಅವರು ನಂಬುವುದು ಕಡಿಮೆ.

ಕರಡು ನೀನೇ ಬರೆದು ತಾ ಎನ್ನುವ ರೂಢಿ ನಮ್ಮಲ್ಲಿದೆ. ಆದರೆ ಈ ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ಅರ್ಜಿಯಲ್ಲಿ ಒಪ್ಪಿಗೆ ಹಾಕುತ್ತಿದ್ದೇನೆ. ಬರೆದದ್ದು ಗೌಪ್ಯವೆಂದಾದರೆ ಮಾತ್ರ ಅದಕ್ಕೆ ಅಲ್ಲಿ ಪೂರ್ತಿ ಬೆಲೆ. ಆದ್ದರಿಂದ ಕರಡಿನ ಬದಲು ಮೇಲಿನ ವಿವರಗಳನ್ನೇ ಒಂದು ಪುಟದ ಟಿಪ್ಪಣಿಯಾಗಿಸಿ ಲಗತ್ತಿಸಿದ್ದೇನೆ. ಟೈಪ್ ಮಾಡುವುದು ತೊಂದರೆಯಾದರೆ ದಯವಿಟ್ಟು ಮನೆಯವರಿಗೋ ವಿಭಾಗದಲ್ಲಿ ಯಾರಿಗಾದರೂ ಹೇಳಿ ಸರ್, ಅದೊಂದು ಕೆಲಸ ನಾನು ಮಾಡಿಕೊಡುವಂತಿಲ್ಲ.

ಟಿಪ್ಪಣಿಯ ಜೊತೆಗೆ ಎರಡು ಪುಟದ ಸ್ವವಿವರ, ಸಂಶೋಧನಾ ಉದ್ದೇಶದ ಕರಡು, ಅಂಕಪಟ್ಟಿಗಳು, ಮತ್ತು ಅಂಚಿನಲ್ಲಿ ತಮ್ಮ ಪೆನ್ಸಿಲ್ ತಿದ್ದುಪಡಿಗಳಿರುವ ಕಿರುಪ್ರಬಂಧದ ಸ್ಕ್ಯಾನ್ ಇವೆ. ಉದ್ದೇಶದ ಕರಡಿನ ಮೂರನೇ ಪ್ಯಾರಾದಲ್ಲಿ ಬಿತ್ತುವಟದ ಅರ್ಥವನ್ನು ವಿವರಿಸಿದ್ದೇನೆ. ಅದನ್ನೊಂದು ಕಣ್ಣಾಡಿಸಿ ತಪ್ಪಿದ್ದರೆ ಹೇಳಿದರೆ ಉಪಕಾರ, ಪತ್ರಕ್ಕೆ ಒಪ್ಪದಿದ್ದರೂ ಸರಿ.

ರಾಜ್ಯೋತ್ಸವದ ರಜೆಗೆ ನವೆಂಬರ್ 1 ಮತ್ತು 2ರಂದು ಮೈಸೂರಿನಲ್ಲಿರುತ್ತೇನೆ. ತಮಗೆ ಅನುಕೂಲವಾದ ಹೊತ್ತು ತಿಳಿಸಿದರೆ ಎಲ್ಲದರ ಮುದ್ರಿತ ಪ್ರತಿ ತಂದುಕೊಟ್ಟು, ಅಮ್ಮನವರನ್ನೂ ಮಾತಾಡಿಸಿ ಬರುತ್ತೇನೆ. ಒಪ್ಪಿದರೆ ನವೆಂಬರ್ 17ರಂದು ಒಮ್ಮೆ ನೆನಪಿಸುತ್ತೇನೆ. ಫಲಿತಾಂಶ ಏನೇ ಬಂದರೂ ಮೊದಲು ತಮಗೆ ತಿಳಿಸುತ್ತೇನೆ.

ಇಂತಿ ತಮ್ಮ ವಿದ್ಯಾರ್ಥಿನಿ,
ಸಹನಾ