ರವಿವಾರ, ನವೆಂಬರ್ 16: ಮುಂಜಾನೆ 8ರಿಂದ ಸಂಜೆ 5ರವರೆಗೆ ನಳದಲ್ಲಿ ನೀರು ಇರುವುದಿಲ್ಲ

ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ, ಟಿಳಕವಾಡಿ, ಬೆಳಗಾವಿ
ದಿನಾಂಕ: 10-11-2025

ಎಲ್ಲ ಮಾಲೀಕರಿಗೆ ಹಾಗೂ ಬಾಡಿಗೆದಾರರಿಗೆ ನಮಸ್ಕಾರ.

ನಮ್ಮ ಸಂಪ್ ಮತ್ತು ಮಾಳಿಗೆಯ ಮೇಲಿನ ಎರಡೂ ಟ್ಯಾಂಕ್‌ಗಳನ್ನು ರವಿವಾರ ತೊಳೆಸಲಾಗುತ್ತಿದೆ. ಅದಕ್ಕಾಗಿ ಶನಿವಾರ ರಾತ್ರಿ 9 ಗಂಟೆಯೊಳಗೆ ಎರಡು ಕೆಲಸ ಮುಗಿಸಿಕೊಳ್ಳಬೇಕೆಂದು ವಿನಂತಿ. ಒಂದು, ಕುಡಿಯುವುದಕ್ಕೂ ಅಡುಗೆಗೂ ಎರಡು ಕೊಡ, ಉಳಿದ ಬಳಕೆಗೆ ನಾಲ್ಕೈದು ಬಕೆಟ್ ನೀರು ತುಂಬಿಟ್ಟುಕೊಳ್ಳಿ. ಎರಡು, ಪಾರ್ಕಿಂಗ್‌ನ 7 ಮತ್ತು 8ನೇ ಜಾಗದಲ್ಲಿರುವ ವಾಹನಗಳನ್ನು ತೆಗೆದು, ರವಿವಾರ ಸಂಜೆಯವರೆಗೆ ಗೇಟಿನ ಬಲಬದಿಯ ಖಾಲಿ ಜಾಗದಲ್ಲಿ ನಿಲ್ಲಿಸಿ.

ವಾಹನದ ಮಾತನ್ನು ಮೊದಲೇ ಹೇಳಲು ಕಾರಣವಿದೆ. ಸಂಪಿನ ಮುಚ್ಚಳ ಇರುವುದು ಆ ಎರಡು ಜಾಗಗಳ ನಡುವೆ. ಹೋದ ಸಲ ಕೆಲಸಗಾರರು ಬಂದ ದಿನ ಅಲ್ಲಿ ಒಂದು ಕಾರು ನಿಂತಿತ್ತು, ಅದರ ಮಾಲೀಕರು ಊರಿನಲ್ಲಿರಲಿಲ್ಲ; ಹೀಗಾಗಿ ಮೇಲಿನ ಟ್ಯಾಂಕ್‌ಗಳನ್ನಷ್ಟೇ ತೊಳೆದು ಸಂಪನ್ನು ಹಾಗೆಯೇ ಬಿಡಬೇಕಾಯಿತು. ಕೆಳಗಿನ ರಾಡಿ ಪಂಪಿನ ಮೂಲಕ ಮತ್ತೆ ಮೇಲೇರಿ, ತೊಳೆದ ಟ್ಯಾಂಕ್‌ಗಳ ತಳದಲ್ಲಿ ಕೆಲವೇ ವಾರಗಳಲ್ಲಿ ಕುಳಿತುಬಿಟ್ಟಿತು. ಅಂದಿನ ನೋಟಿಸಿನಲ್ಲಿ ‘ನಿವಾಸಿಗಳು ಸಹಕರಿಸಬೇಕು’ ಎಂದಷ್ಟೇ ಬರೆದು, ಯಾವ ವಾಹನವನ್ನು ಏಕೆ ತೆಗೆಯಬೇಕೆಂದು ನಾವು ತಿಳಿಸಿರಲಿಲ್ಲ. ಆ ಲೋಪ ಸಂಘದ್ದು. ಊರಿಗೆ ಹೋಗುವವರು ಈ ಸಲ ವಾಹನದ ಕೀಲಿಯನ್ನು ನೆರೆಮನೆಯಲ್ಲಾದರೂ ಕೊಟ್ಟು ಹೋಗಬೇಕು.

ನಮಗೆ ಬರುವ ಪಾಲಿಕೆಯ ನೀರು ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳ ಮೂಲದ್ದು. ನೀರು ಶುದ್ಧೀಕರಣಗೊಂಡೇ ಬಂದರೂ ಅದರಲ್ಲಿ ಉಳಿದ ಸಣ್ಣ ಮಣ್ಣು, ನಿಂತ ಸಂಪಿನಲ್ಲಿ ದಿನದಿನವೂ ತಳ ಸೇರುತ್ತದೆ. ಮಳೆಗಾಲ ಕಳೆದ ಮೇಲೆ ಅದರ ಪ್ರಮಾಣ ಹೆಚ್ಚೇ ಇರುತ್ತದೆ. ಕಳೆದ ವಾರ ಮುಚ್ಚಳ ತೆಗೆದು ಬ್ಯಾಟರಿ ಬಿಟ್ಟು ನೋಡಿದಾಗ ತಳದಲ್ಲಿ ಎರಡು ಬೆರಳು ದಪ್ಪ ಹೂಳು ಮತ್ತು ಗೋಡೆಗೆ ಅಂಟಿದ ಲೋಳೆ ಕಂಡವು. ನೀರಿಗೆ ಬೆರೆಸಿದ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುವ ಬದಲು ಈ ಹೂಳು, ಲೋಳೆಗಳ ಮೇಲೆಯೇ ಖರ್ಚಾಗುತ್ತದೆ. ಮನೆಯಲ್ಲಿ ಫಿಲ್ಟರ್ ಇದ್ದವರಿಗೂ ಇದು ಸಂಬಂಧಿಸಿದ ವಿಷಯವೇ, ಏಕೆಂದರೆ ಹಲ್ಲುಜ್ಜುವ, ತರಕಾರಿ ತೊಳೆಯುವ, ಮಕ್ಕಳಿಗೆ ಸ್ನಾನ ಮಾಡಿಸುವ ನೀರು ಫಿಲ್ಟರಿನಿಂದ ಬರುವುದಿಲ್ಲ.

ಶನಿವಾರ ಮುಂಜಾನೆಯೇ ಪಾಲಿಕೆಯ ನೀರು ಸಂಪಿಗೆ ಬೀಳದಂತೆ ವಾಲ್ವ್ ಮುಚ್ಚುತ್ತೇವೆ. ಇದ್ದ ನೀರು ಚರಂಡಿಗೆ ಹೋಗದೆ ಬಳಕೆಯಲ್ಲೇ ಮುಗಿಯಲಿ ಎಂಬುದು ಉದ್ದೇಶ. ರವಿವಾರ ಹೂಳು ತೆಗೆದು, ಗೋಡೆಗಳನ್ನು ಉಜ್ಜಿ, ಬ್ಲೀಚಿಂಗ್ ಪೌಡರಿನ ದ್ರಾವಣ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಎರಡು ಸಲ ತೊಳೆದ ನಂತರವೇ ಹೊಸ ನೀರು ತುಂಬಲಾಗುವುದು. ಮುಚ್ಚಿದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ಒಳಗಿಳಿದವರಿಗೆ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮುಚ್ಚಳ ತೆರೆದಿಟ್ಟು ಫ್ಯಾನಿನಿಂದ ಗಾಳಿ ಹಾಯಿಸಿದ ಮೇಲೆಯೇ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರು ಇಳಿಯುತ್ತಾರೆ. ಇಬ್ಬರು ಮೇಲೆಯೇ ಇರುತ್ತಾರೆ. ತಡವಾಯಿತೆಂದು ಅವರನ್ನು ದಯವಿಟ್ಟು ಯಾರೂ ಅವಸರಪಡಿಸಬಾರದು. ಮುಚ್ಚಳ ತೆರೆದಿರುವಷ್ಟು ಹೊತ್ತು ಮಕ್ಕಳನ್ನು ಪಾರ್ಕಿಂಗ್‌ಗೆ ಆಟಕ್ಕೆ ಬಿಡಬೇಡಿ.

ರವಿವಾರ ಮುಂಜಾನೆ ಗೀಸರ್, ವಾಷಿಂಗ್ ಮಷೀನ್ ಮತ್ತು ಫಿಲ್ಟರ್‌ಗಳ ಸ್ವಿಚ್ ಆರಿಸಿ, ಅವುಗಳಿಗೆ ನೀರು ಹೋಗುವ ನಳವನ್ನೂ ಬಂದ್ ಮಾಡಿ. ನೀರಿಲ್ಲದ ಗೀಸರ್ ಚಾಲೂ ಇದ್ದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ. ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡಿದ ನಳವನ್ನು ಮರೆಯದೆ ಮುಚ್ಚಬೇಕು. ಹೋದ ಸಲ ಮೂರನೇ ಮಹಡಿಯ ಒಂದು ಮನೆಯಲ್ಲಿ ನಳ ತೆರೆದೇ ಉಳಿದು, ನೀರು ಬಂದಾಗ ಹಾಲ್ ತುಂಬಿ ಕೆಳಗಿನ ಮನೆಯ ಛಾವಣಿಯೂ ನೆನೆದಿತ್ತು. ಮನೆಗೆಲಸಕ್ಕೆ ಬರುವವರಿಗೂ ಈ ಮಾತನ್ನು ಶನಿವಾರವೇ ತಿಳಿಸಿಬಿಡಿ.

ಸಂಜೆ ನೀರು ಬಿಟ್ಟಾಗ ಮೊದಲು ಬಚ್ಚಲಿನ ನಳವನ್ನು ಎರಡು ಮೂರು ನಿಮಿಷ ಹರಿಯಲು ಬಿಟ್ಟು, ಆ ನೀರನ್ನು ಬಕೆಟಿನಲ್ಲಿ ಹಿಡಿದು ಶೌಚಾಲಯಕ್ಕೆ ಬಳಸಿ. ನೀರು ತಿಳಿಯಾದ ನಂತರ ಅಡುಗೆಮನೆಯ ನಳ, ಕೊನೆಗೆ ಫಿಲ್ಟರ್. ಕ್ಲೋರಿನ್ ವಾಸನೆ ತುಸು ಬಂದರೆ ಗಾಬರಿ ಬೇಡ, ಆದರೆ ಕಣ್ಣು ಉರಿಯುವಷ್ಟು ಘಾಟಿದ್ದರೆ ಅಥವಾ ಬಣ್ಣ ತಿಳಿಯಾಗದಿದ್ದರೆ ಆ ನೀರನ್ನು ಬಳಸದೆ ತಕ್ಷಣ ವಾಚ್‌ಮನ್ ಕೋಣೆಗೆ ತಿಳಿಸಿ.

ಗೇಟಿನ ಬಳಿಯ ಬೋರ್‌ವೆಲ್ ನಳ ದಿನವಿಡೀ ನಡೆಯುತ್ತದೆ. ಅದು ಕುಡಿಯುವುದಕ್ಕಲ್ಲ, ಬಳಕೆಗೆ ಮಾತ್ರ. ವಯಸ್ಸಾದವರು, ಬಾಣಂತಿಯರು, ಹುಷಾರಿಲ್ಲದವರು ಇರುವ ಮನೆಗಳಿಗೆ ನೀರು ಮುಟ್ಟಿಸಲು ಸಂಘದ ಸದಸ್ಯರೇ ಬರುತ್ತಾರೆ. ಅಂಥವರು ಶುಕ್ರವಾರದೊಳಗೆ ವಾಚ್‌ಮನ್ ಬಳಿಯ ವಹಿಯಲ್ಲಿ ಫ್ಲಾಟ್ ನಂಬರ್ ಬರೆಸಬೇಕು. ಖರ್ಚನ್ನು ನಿರ್ವಹಣಾ ನಿಧಿಯಿಂದ ಭರಿಸಲಾಗುವುದರಿಂದ ಪ್ರತ್ಯೇಕ ವಂತಿಗೆ ಇಲ್ಲ.

ತೊಳೆದಾದ ಮೇಲೆ, ನೀರು ತುಂಬುವ ಮೊದಲು, ಮಧ್ಯಾಹ್ನ 3 ಗಂಟೆಯ ಸುಮಾರಿಗೆ ಸಂಪಿನ ಒಳಭಾಗವನ್ನು ಮುಚ್ಚಳದ ಬಳಿಯಿಂದ ಯಾರು ಬೇಕಾದರೂ ಬಂದು ನೋಡಬಹುದು.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ